ನಾಳಿನ ಡಾಲರ್‌ಗೆ ಇಂದೇ ಬೆಲೆ

ಮುಂದೆ ಕೈಗೆ ಬರಲಿರುವ ವಿದೇಶಿ ಹಣವನ್ನು ಯಾವ ದಿನ, ಯಾವ ದರಕ್ಕೆ ಬ್ಯಾಂಕಿಗೆ ಮಾರುವುದು ಎಂಬುದನ್ನು ಇವತ್ತೇ ನಿಗದಿ ಮಾಡಿಕೊಳ್ಳುವ ಒಪ್ಪಂದಕ್ಕೆ ಫಾರ್ವರ್ಡ್ ಕಾಂಟ್ರಾಕ್ಟ್ ಎನ್ನುತ್ತಾರೆ. ಒಪ್ಪಂದದ ದಿನ ಡಾಲರ್ ಕೈಬದಲಾಗುವುದಿಲ್ಲ. ಆ ದಿನ ನಿಶ್ಚಯವಾಗುವುದು ದರ, ಮೊತ್ತ ಮತ್ತು ತಾರೀಖು.

ಚಿಕ್ಕಮಗಳೂರಿನ ಕಾಫಿ ರಫ್ತುದಾರರೊಬ್ಬರನ್ನು ಊಹಿಸಿಕೊಳ್ಳಬಹುದು. ಇಟಲಿಯ ಖರೀದಿದಾರನಿಗೆ ಒಂದು ಕಂಟೇನರ್ ರೊಬಸ್ಟಾ, ಅಂದರೆ 60 ಕಿಲೋ ತೂಕದ 320 ಚೀಲ ಕಳಿಸಬೇಕು. ಒಪ್ಪಿದ ಬೆಲೆ 80,000 ಡಾಲರ್, ಹಣ ಬರುವುದು ಮೂರು ತಿಂಗಳ ನಂತರ. ಬೆಳೆಗಾರರಿಗೆ ಕೊಟ್ಟ ಹಣ, ಕ್ಯೂರಿಂಗ್, ಸಾಗಣೆ, ಬ್ಯಾಂಕ್ ಬಡ್ಡಿ ಎಲ್ಲ ಸೇರಿ ಅವರ ಖರ್ಚು 66.50 ಲಕ್ಷ ರೂಪಾಯಿ. ಖರ್ಚೆಲ್ಲ ರೂಪಾಯಿಯಲ್ಲಿ, ಆದಾಯವೆಲ್ಲ ಡಾಲರಿನಲ್ಲಿ. ಡಾಲರ್ 85 ರೂಪಾಯಿಯಲ್ಲೇ ನಿಂತರೆ ಸಿಗುವುದು 68 ಲಕ್ಷ, ಲಾಭ ಒಂದೂವರೆ ಲಕ್ಷ. ಅದು 83ಕ್ಕೆ ಇಳಿದರೆ ಸಿಗುವುದು 66.40 ಲಕ್ಷ. ಕಾಫಿಯಲ್ಲಿ ಯಾವ ದೋಷವೂ ಇಲ್ಲದೆ ವ್ಯಾಪಾರ ನಷ್ಟಕ್ಕೆ ತಿರುಗುತ್ತದೆ. ರೂಪಾಯಿ ಸದಾ ಕುಸಿಯುತ್ತಲೇ ಇರುತ್ತದೆ ಎಂದು ನಂಬಿ ಕೂರುವವರಿಗೆ 2007 ಒಳ್ಳೆಯ ಪಾಠ: ವರ್ಷದ ಆರಂಭದಲ್ಲಿ 44 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ವರ್ಷ ಮುಗಿಯುವ ಹೊತ್ತಿಗೆ 40ಕ್ಕಿಂತ ಕೆಳಗಿತ್ತು.

ಈ ರಫ್ತುದಾರರು ಬ್ಯಾಂಕಿಗೆ ಹೋಗಿ ಮೂರು ತಿಂಗಳ ಫಾರ್ವರ್ಡ್ ಬುಕ್ ಮಾಡುತ್ತಾರೆ. ಅವರಿಗೆ ಸಿಗುವ ದರ ಅಂದಿನ ಪೇಟೆ ದರವಾದ 85 ಅಲ್ಲ, ಅದಕ್ಕಿಂತ ಕೊಂಚ ಹೆಚ್ಚು. ಈ ಹೆಚ್ಚಳಕ್ಕೆ ಪ್ರೀಮಿಯಂ ಎಂದು ಹೆಸರು. ಡಾಲರ್ ಏರುತ್ತದೆಂದು ಬ್ಯಾಂಕ್ ಭವಿಷ್ಯ ನುಡಿಯುತ್ತಿದೆ ಎಂದು ಹಲವರು ತಿಳಿಯುವುದುಂಟು. ವಾಸ್ತವದಲ್ಲಿ ಇದು ಬಡ್ಡಿಯ ಲೆಕ್ಕ. ಬ್ಯಾಂಕ್ ಈಗಲೇ ಡಾಲರ್ ಸಾಲ ತಂದು, ಪೇಟೆಯಲ್ಲಿ ಮಾರಿ, ಬಂದ ರೂಪಾಯಿಯನ್ನು ಮೂರು ತಿಂಗಳು ಬಡ್ಡಿಗೆ ಬಿಡಬಹುದು. ರಫ್ತುದಾರರ ಡಾಲರ್ ಬಂದಾಗ ಆ ಸಾಲ ತೀರಿಸಬಹುದು. ಡಾಲರ್ ಸಾಲಕ್ಕೆ ವರ್ಷಕ್ಕೆ ಶೇ 5, ರೂಪಾಯಿಗೆ ಶೇ 7 ಬಡ್ಡಿ ಇದ್ದರೆ ಮೂರು ತಿಂಗಳಲ್ಲಿ ಉಳಿಯುವುದು ಸುಮಾರು ಅರ್ಧ ಶೇಕಡಾ, ಅಂದರೆ ಡಾಲರಿಗೆ 42 ಪೈಸೆ. ಎರಡು ಪೈಸೆ ತನ್ನ ಪಾಲಿಗೆ ಇಟ್ಟುಕೊಂಡು ಬ್ಯಾಂಕ್ 85.40 ಕೊಡುತ್ತದೆ. ಭಾರತದಲ್ಲಿ ಬಡ್ಡಿ ಅಮೆರಿಕಕ್ಕಿಂತ ಹೆಚ್ಚಿರುವಷ್ಟು ಕಾಲ ಈ ಲೆಕ್ಕ ರಫ್ತುದಾರರ ಕಡೆಗೇ ವಾಲುತ್ತದೆ.

ಅಲ್ಲಿಗೆ 80,000 ಡಾಲರಿಗೆ 68.32 ಲಕ್ಷ ರೂಪಾಯಿ, ಲಾಭ 1.82 ಲಕ್ಷ ಎಂಬುದು ಹಡಗು ಹೊರಡುವ ಮೊದಲೇ ಗೊತ್ತಾಯಿತು. ಡಾಲರ್ 83ಕ್ಕೆ ಇಳಿದರೂ ಈ ಅಂಕಿ ಬದಲಾಗದು. 87ಕ್ಕೆ ಏರಿದರೂ ಅಷ್ಟೇ; ಆಗ ಸಿಗಬಹುದಾಗಿದ್ದ 1.28 ಲಕ್ಷ ಕೈತಪ್ಪುತ್ತದೆ. ಇದನ್ನು ನಷ್ಟವೆಂದು ಹಲುಬುವ ವ್ಯಾಪಾರಿಗಳು ಬಹಳ. ಆದರೆ ಒಪ್ಪಂದ ಮಾಡಿಕೊಂಡಿದ್ದೇ ಆ ಏರಿಳಿತದಿಂದ ಹೊರಗುಳಿಯಲು.

ನಿಜವಾದ ಅಪಾಯ ಇರುವುದು ಬೇರೆ ಕಡೆ. ಫಾರ್ವರ್ಡ್ ದರವನ್ನು ಕಟ್ಟಿಹಾಕುತ್ತದೆ, ಖರೀದಿದಾರನನ್ನಲ್ಲ. ಇಟಲಿಯಾತ ಆರ್ಡರ್ ರದ್ದು ಮಾಡಿದರೂ ಬ್ಯಾಂಕಿಗೆ ಡಾಲರ್ ಒಪ್ಪಿಸುವ ಹೊಣೆ ಹಾಗೆಯೇ ಉಳಿಯುತ್ತದೆ. ಒಪ್ಪಂದವನ್ನು ರದ್ದು ಮಾಡುವಾಗ ಡಾಲರ್ 87 ಇದ್ದರೆ, 87ಕ್ಕೆ ಕೊಂಡು 85.40ಕ್ಕೆ ಕೊಟ್ಟ ಲೆಕ್ಕದಲ್ಲಿ ಅದೇ 1.28 ಲಕ್ಷವನ್ನು ರಫ್ತುದಾರರು ಜೇಬಿನಿಂದ ತೆರಬೇಕು. ಮೊದಲನೆಯದು ಬಾರದೆ ಹೋದ ಲಾಭ, ಇದು ಕೈಯಿಂದ ಹೋಗುವ ಹಣ. 2013ರ ಮೇ ತಿಂಗಳಿಂದ ಆಗಸ್ಟ್ ಕೊನೆಯೊಳಗೆ ಡಾಲರ್ ಸುಮಾರು 54ರಿಂದ 68 ದಾಟಿತ್ತು. ಅಂಥ ದಿನಗಳಲ್ಲಿ ಸರಕಿಲ್ಲದ ಫಾರ್ವರ್ಡ್ ಕೈಯಲ್ಲಿದ್ದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಬ್ಯಾಂಕ್ ಮುಂಚಿತವಾಗಿಯೇ ಗ್ರಾಹಕರಿಗೊಂದು ಮಿತಿ ಗೊತ್ತುಮಾಡುವುದು ಅಥವಾ ಠೇವಣಿ ಕೇಳುವುದು ಇದೇ ಕಾರಣಕ್ಕೆ.

ಆರ್ಡರ್ ರದ್ದಾಗುವುದಕ್ಕಿಂತ ಹಣ ತಡವಾಗುವುದೇ ಸಾಮಾನ್ಯ. ಹಡಗು ನಿಧಾನವಾದರೆ ಹಳೆಯ ಒಪ್ಪಂದವನ್ನು ಅಂದಿನ ದರಕ್ಕೆ ಮುಗಿಸಿ, ವ್ಯತ್ಯಾಸ ತೀರಿಸಿ, ಹೊಸ ತಾರೀಖಿಗೆ ಮತ್ತೆ ಬುಕ್ ಮಾಡಬೇಕು. ಇದನ್ನು ತಪ್ಪಿಸಲು ಒಂದೇ ದಿನದ ಬದಲು ಮೂರನೇ ತಿಂಗಳ ಯಾವ ದಿನವಾದರೂ ಡಾಲರ್ ಕೊಡುವ ಸ್ವಾತಂತ್ರ್ಯ ಪಡೆಯಬಹುದು. ಆಗ ಹಣ ಆ ತಿಂಗಳ ಮೊದಲ ದಿನವೇ ಬರಬಹುದೆಂದು ಎಣಿಸಿ ಬ್ಯಾಂಕ್ ಎರಡೇ ತಿಂಗಳ ಪ್ರೀಮಿಯಂ ಕೊಡುತ್ತದೆ: 42 ಪೈಸೆಯ ಜಾಗದಲ್ಲಿ 28. ಈ ಕಂಟೇನರ್‌ಗೆ ಅದರ ಬೆಲೆ ಸುಮಾರು 11 ಸಾವಿರ ರೂಪಾಯಿ. ಹಳೆಯ, ಹೇಳಿದ ದಿನಕ್ಕೆ ಹಣ ಕಳಿಸುವ ಖರೀದಿದಾರನಾದರೆ ಇದು ದಂಡ, ಹೊಸಬನಾದರೆ ಅಗ್ಗ. ಆರ್ಡರ್ ಇನ್ನೂ ಮಾತಿನ ಹಂತದಲ್ಲೇ ಇದ್ದರೆ ಮಾತ್ರ, ಅದರ ಡಾಲರ್‌ಗಳನ್ನು ಬುಕ್ ಮಾಡದೆ ಬಿಡುವುದೇ ಲೇಸು.