ಕ್ಯಾಪ್ಸೂಲಿನ ರುಚಿ ನೋಡಿದವರು

ಲೈನಸ್ ಪೌಲಿಂಗ್ ಎರಡು ನೊಬೆಲ್ ಪಡೆದ ವಿಜ್ಞಾನಿ. ಒಂದು 1954ರ ರಸಾಯನಶಾಸ್ತ್ರದ್ದು, ಇನ್ನೊಂದು 1962ರ ಶಾಂತಿಯದ್ದು. ಅಂಥವರು 1970ರಲ್ಲಿ ಒಂದು ಪುಸ್ತಕ ಬರೆದು, ದಿನವೂ ಗ್ರಾಂಗಟ್ಟಲೆ ವಿಟಮಿನ್ ಸಿ ನುಂಗಿದರೆ ನೆಗಡಿಯ ಕಾಟ ತಪ್ಪುತ್ತದೆ ಎಂದರೆ ಜನ ನಂಬದಿರುತ್ತಾರೆಯೇ? ಅಮೆರಿಕದಲ್ಲಿ ಮಾತ್ರೆಗೆ ಬೇಡಿಕೆ ಏರಿತು, ನುಂಗಿದವರು ಗುಣ ಕಂಡಿತೆಂದರು. ನಿಜವಾಗಿ ಗುಣ ಕೊಟ್ಟದ್ದು ಮಾತ್ರೆಯೋ ಅಲ್ಲವೋ ಎಂದು ತಿಳಿಯಲು ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ತಮ್ಮ ಸಂಸ್ಥೆಯ ನೌಕರರ ಮೇಲೆಯೇ ಒಂದು ಪ್ರಯೋಗ ಮಾಡಿದರು. ಅದರ ವರದಿ 1975ರಲ್ಲಿ ಪ್ರಕಟವಾಯಿತು. ಹೊಸ ಔಷಧವೊಂದನ್ನು ನ್ಯಾಯವಾಗಿ ಪರೀಕ್ಷಿಸುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ನಾನು ಓದಿದ ವರದಿಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಯಾಕೆಂದರೆ ಅದು ಕೆಟ್ಟುಹೋದ ಪ್ರಯೋಗ, ಮತ್ತು ಎಲ್ಲಿ ಕೆಟ್ಟಿತೆಂದು ಸಂಶೋಧಕರು ತಾವೇ ಹುಡುಕಿ ಬರೆದಿಟ್ಟರು.

ನೆಗಡಿಯ ವಿಚಾರದಲ್ಲಿ ಅನುಭವವನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಅದು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮೂಗು ಪೂರ್ತಿ ಕಟ್ಟಿ, ತಲೆ ಭಾರವಾಗಿ, ಇನ್ನು ತಡೆಯಲಾರೆ ಅನ್ನಿಸಿದಾಗಲೇ ನಾವು ಮಾತ್ರೆಗೆ ಕೈಹಾಕುವುದು. ಅಷ್ಟರಲ್ಲಿ ಕಾಯಿಲೆ ತುದಿ ಮುಟ್ಟಿರುತ್ತದೆ, ಮುಂದಿನದೆಲ್ಲ ಇಳಿಮುಖವೇ. ಇದರ ಜೊತೆಗೆ ನಿರೀಕ್ಷೆಯೂ ಕೆಲಸ ಮಾಡುತ್ತದೆ. ಮದ್ದು ತೆಗೆದುಕೊಂಡಿದ್ದೇನೆ ಎಂದು ಗೊತ್ತಿದ್ದವರಿಗೆ ಅದೇ ಗಂಟಲು ಕೆರೆತ ಕಡಿಮೆ ಅನ್ನಿಸುತ್ತದೆ, ಕೇಳಿದರೆ ‘ಇವತ್ತು ಪರವಾಗಿಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸುತ್ತಿರುತ್ತದೆ. ಮದ್ದಿನ ಅಂಶವೇ ಇಲ್ಲದ ಮಾತ್ರೆ ಕೊಟ್ಟಾಗಲೂ ಕಾಣುವ ಈ ಗುಣಕ್ಕೆ ಪ್ಲಸೀಬೊ ಪರಿಣಾಮ ಎಂದು ಹೆಸರು. ನೋವು, ಸುಸ್ತು, ವಾಕರಿಕೆಯಂಥ, ರೋಗಿಯೇ ಬಾಯಿಬಿಟ್ಟು ಹೇಳಬೇಕಾದ ತೊಂದರೆಗಳಲ್ಲಿ ಇದು ಹೆಚ್ಚು.

ಹಾಗಾಗಿ ಸಂಶೋಧಕರು 311 ನೌಕರರನ್ನು ಸೇರಿಸಿಕೊಂಡು, ಯಾರು ಯಾವ ಗುಂಪಿಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟರು. ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಬೀಳದಂತೆ ನೋಡಿಕೊಳ್ಳುವುದಕ್ಕೆ ಇದೇ ದಾರಿ. ಒಂದು ಗುಂಪಿಗೆ ದಿನಕ್ಕೆ 3 ಗ್ರಾಂ ವಿಟಮಿನ್ ಸಿ, ಇನ್ನೊಂದಕ್ಕೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಎರಡೂ ಕ್ಯಾಪ್ಸೂಲಿನಲ್ಲೇ, ದಿನಕ್ಕೆ ಮೂರು ಹೊತ್ತು, ಒಂಬತ್ತು ತಿಂಗಳು. ನೆಗಡಿ ಬಂದಾಗ ಮತ್ತೆ 3 ಗ್ರಾಂ ಹೆಚ್ಚುವರಿ ಕ್ಯಾಪ್ಸೂಲು. ಅದರಲ್ಲೂ ಕೆಲವರಿಗೆ ವಿಟಮಿನ್ನು, ಕೆಲವರಿಗೆ ಲ್ಯಾಕ್ಟೋಸು. ತಮ್ಮ ಪಾಲಿಗೆ ಬಂದದ್ದು ಯಾವುದೆಂದು ಯಾರಿಗೂ ತಿಳಿಸಲಿಲ್ಲ.

ಲ್ಯಾಕ್ಟೋಸ್ ಕೊಡುವುದು ಜನರನ್ನು ಮೋಸಗೊಳಿಸಲು ಅಲ್ಲ. ತಾನಾಗಿ ಇಳಿಯುವ ನೆಗಡಿ ಎರಡೂ ಗುಂಪಿನಲ್ಲಿ ಒಂದೇ ಥರ ಇಳಿಯುತ್ತದೆ. ನಿರೀಕ್ಷೆಯೂ ಎರಡೂ ಕಡೆ ಸಮನಾಗಿದ್ದರೆ, ಉಳಿಯುವ ವ್ಯತ್ಯಾಸ ಮಾತ್ರ ವಿಟಮಿನ್ನಿನದು. ಇಡೀ ಲೆಕ್ಕ ನಿಂತಿರುವುದು ಆ ‘ಸಮನಾಗಿದ್ದರೆ’ ಎಂಬ ಷರತ್ತಿನ ಮೇಲೆ. ಅದು ಮುರಿದದ್ದೂ ಅಲ್ಲೇ.

ವಿಟಮಿನ್ ಸಿ ಮಾತ್ರೆ ಚೀಪಿದವರಿಗೆಲ್ಲ ಗೊತ್ತು, ಅದು ಹುಳಿ. ಲ್ಯಾಕ್ಟೋಸ್ ನಸುಸಿಹಿ. ನೌಕರರಲ್ಲಿ ಕೆಲವರು ಕುತೂಹಲ ತಡೆಯಲಾರದೆ ಕ್ಯಾಪ್ಸೂಲು ಬಿಚ್ಚಿ ನಾಲಗೆಗೆ ಹಚ್ಚಿಕೊಂಡರು. ಗುಟ್ಟು ಅಲ್ಲಿಗೆ ಮುಗಿಯಿತು. ಈ ಸುಳಿವು ಹತ್ತಿದಾಗ ಸಂಶೋಧಕರು, ನಿಮಗೆ ಸಿಗುತ್ತಿರುವುದು ಯಾವುದೆಂದು ಊಹಿಸಿದ್ದೀರಾ ಎಂದು ಎಲ್ಲರನ್ನೂ ಕೇಳಿದರು. ಊಹೆ ಹೇಳಿದ 102 ಜನರಲ್ಲಿ 79 ಮಂದಿಯದು ಸರಿಯಾಗಿತ್ತು. ಬರೀ ಊಹೆಯಾಗಿದ್ದರೆ ಅರ್ಧದಷ್ಟು ಜನರದು ಸರಿಹೋಗಬೇಕಿತ್ತು. ಪ್ರಯೋಗ ಮುಗಿಯುವವರೆಗೆ ಉಳಿದವರು 190 ಮಂದಿ, ಬಿಟ್ಟುಹೋದವರಲ್ಲಿ ಲ್ಯಾಕ್ಟೋಸ್ ಪಾಲಿನವರೇ ಹೆಚ್ಚು.

ಫಲಿತಾಂಶವನ್ನು ಮೇಲುಮೇಲೆ ನೋಡಿದರೆ ವಿಟಮಿನ್ ಗೆದ್ದಂತಿತ್ತು. ಎರಡೂ ಹಂತದಲ್ಲಿ ಲ್ಯಾಕ್ಟೋಸ್ ಪಡೆದವರ ನೆಗಡಿ ಸರಾಸರಿ 7.1 ದಿನ, ಎರಡರಲ್ಲೂ ವಿಟಮಿನ್ ಪಡೆದವರದು 5.9 ದಿನ. ಒಂದು ದಿನಕ್ಕೂ ಮಿಕ್ಕಿದ ಲಾಭ. ಆದರೆ ಗುಟ್ಟು ತಿಳಿಯದೇ ಉಳಿದವರನ್ನಷ್ಟೇ ಬೇರೆ ತೆಗೆದು ಲೆಕ್ಕ ಹಾಕಿದಾಗ ಆ ಲಾಭ ಕಾಣಲಿಲ್ಲ. ಅದೆಲ್ಲ ಬಂದದ್ದು ಯಾವುದು ನುಂಗುತ್ತಿದ್ದೇವೆಂದು ಅರಿತಿದ್ದವರಿಂದ.

ಪ್ಲಸೀಬೊ ಇದ್ದೂ ಕೆಲಸಕ್ಕೆ ಬಾರದೇ ಹೋಗುವುದು ಹೀಗೆ. ಇದು ಬರೀ ಸಕ್ಕರೆ ಎಂದು ಗೊತ್ತಾದವರಿಗೆ ನಿರೀಕ್ಷೆ ಎಲ್ಲಿಂದ ಬರಬೇಕು? ಹಾಗೆಂದು ಗುಟ್ಟೊಂದೇ ಇದ್ದರೂ ಸಾಲದು. ಹೋಲಿಸಲು ಎರಡನೆಯ ಗುಂಪೇ ಇಲ್ಲದಿದ್ದರೆ ಮುಚ್ಚಿಡುವುದಕ್ಕಾದರೂ ಏನಿರುತ್ತದೆ? ಆ ಕ್ಯಾಪ್ಸೂಲಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸೇರಿಸಿ ಹುಳಿ ಮಾಡಿದ್ದರೆ ಪ್ರಯೋಗ ಉಳಿಯುತ್ತಿತ್ತೇನೋ. ಬೇರೆ ವಿಟಮಿನ್ ಸಿ ಪ್ರಯೋಗಗಳಲ್ಲಿ ಹಾಗೆ ಮಾಡಿದ್ದಾರೆ.

ಇಷ್ಟರಿಂದಲೇ ವಿಟಮಿನ್ ಸಿ ನಿಷ್ಪ್ರಯೋಜಕ ಎಂದು ತೀರ್ಪು ಕೊಡುವಂತಿಲ್ಲ. ಗುಟ್ಟು ತಿಳಿದವರು, ತಿಳಿಯದವರು ಎಂದು ಆಮೇಲೆ ವಿಂಗಡಿಸಿದಾಗ ಚೀಟಿ ಎತ್ತಿ ಸಾಧಿಸಿದ್ದ ಸಮತೋಲ ಉಳಿಯುವುದಿಲ್ಲ, ಗುಂಪುಗಳೂ ಚಿಕ್ಕವಾಗುತ್ತವೆ. ಬೇಗ ಗುಣ ಕಂಡವರು ‘ಹಾಗಾದರೆ ನನ್ನದು ವಿಟಮಿನ್ನೇ’ ಎಂದು ತಿರುಗಾಮುರುಗಾ ಊಹಿಸಿರಬಹುದು. ಈ ತಕರಾರುಗಳನ್ನು ಬೇರೆ ಸಂಶೋಧಕರು ಎತ್ತಿದ್ದಾರೆ, ನನಗೂ ಅವು ಸರಿಯೆನಿಸುತ್ತವೆ. ಮುಂದೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನವೂ ವಿಟಮಿನ್ ಸಿ ತೆಗೆದುಕೊಳ್ಳುವ ವಯಸ್ಕರಲ್ಲಿ ನೆಗಡಿಯ ಅವಧಿ ಶೇ. 8ರಷ್ಟು ಕಡಿಮೆಯಾಗುತ್ತದೆ, ನೆಗಡಿ ಶುರುವಾದ ಮೇಲೆ ನುಂಗಿದರೆ ಹೇಳಿಕೊಳ್ಳುವಂಥ ಉಪಯೋಗ ಕಾಣುವುದಿಲ್ಲ ಎಂದು ತಿಳಿದುಬಂತು.

ಗುಟ್ಟನ್ನು ರೋಗಿಯಿಂದ ಮಾತ್ರ ಮುಚ್ಚಿಟ್ಟರೆ ಸಾಕೇ? ಕೆನಡಾದಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದ ಚಿಕಿತ್ಸೆಗಳನ್ನು ಪರೀಕ್ಷಿಸಿದವರು ಇದನ್ನೂ ಅಳೆದು ನೋಡಿದರು. ಒಂದು ಗುಂಪಿಗೆ ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಮತ್ತು ಔಷಧ ಕೊಟ್ಟರು, ಇನ್ನೊಂದು ಗುಂಪಿಗೆ ಬದಲಿಸಿದಂತೆ ನಟಿಸಿ ಪ್ಲಸೀಬೊ ಮಾತ್ರೆ ಕೊಟ್ಟರು. ಪ್ರತಿ ರೋಗಿಯನ್ನೂ ಇಬ್ಬರು ನರವೈದ್ಯರು ಪರೀಕ್ಷಿಸಿದರು. ಒಬ್ಬರಿಗೆ ಯಾವ ಚಿಕಿತ್ಸೆ ಎಂದು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. 1994ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಗೊತ್ತಿದ್ದ ವೈದ್ಯರು ಕೊಟ್ಟ ಅಂಕಗಳಲ್ಲಿ ಪ್ಲಾಸ್ಮಾ ಗುಂಪು ಚೇತರಿಸಿಕೊಂಡಂತೆ ಕಂಡಿತು. ಗೊತ್ತಿಲ್ಲದ ವೈದ್ಯರ ಅಂಕಗಳಲ್ಲಿ ಅಂಥದ್ದೇನೂ ಇರಲಿಲ್ಲ. ರೋಗಿಗಳು ಅವರೇ, ಕಾಯಿಲೆಯೂ ಅದೇ. ಕಾಲಿನ ಬಲ ಸ್ವಲ್ಪ ಹೆಚ್ಚಿದೆಯೇ, ನಡಿಗೆ ತುಸು ಸ್ಥಿರವಾಗಿದೆಯೇ ಎಂದು ಅಂದಾಜಿಸುವಾಗ ಪ್ರಾಮಾಣಿಕ ವೈದ್ಯರ ಕಣ್ಣೂ ತಾನು ಬಯಸಿದ ಕಡೆಗೆ ವಾಲುತ್ತದೆ.

ಅದಕ್ಕೇ ಒಳ್ಳೆಯ ಪ್ರಯೋಗಗಳಲ್ಲಿ ಬಾಟಲಿಯ ಮೇಲೆ ಔಷಧದ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಅರ್ಥ ತಿಳಿಸುವ ಪಟ್ಟಿ ರೋಗಿಯನ್ನು ನೋಡುವವರ ಕೈಯಲ್ಲಿ ಇರುವುದಿಲ್ಲ. ರೋಗಿಯ ಜೀವಕ್ಕೆ ಅಪಾಯವಾದಾಗ ಅವರೊಬ್ಬರ ಗುಟ್ಟನ್ನು ಮಾತ್ರ ಒಡೆಯಲು ವ್ಯವಸ್ಥೆ ಇರುತ್ತದೆ. ಒಂದು ಮದ್ದು ಮಾತ್ರೆ, ಇನ್ನೊಂದು ಇಂಜೆಕ್ಷನ್ ಆಗಿದ್ದರೆ ಎಲ್ಲರಿಗೂ ಎರಡನ್ನೂ ಕೊಡುತ್ತಾರೆ, ಒಂದರಲ್ಲಿ ಮಾತ್ರ ನಿಜವಾದ ಮದ್ದಿರುತ್ತದೆ. ಈಗಾಗಲೇ ಒಳ್ಳೆಯ ಮದ್ದಿರುವ ಗಂಭೀರ ಕಾಯಿಲೆಯಲ್ಲಿ ಯಾರನ್ನೂ ಬರೀ ಪ್ಲಸೀಬೊ ಮೇಲೆ ಬಿಡುವಂತಿಲ್ಲ. ಅಲ್ಲಿ ಹೊಸ ಮದ್ದನ್ನು ಹಳೆಯದರ ಎದುರಿಗೇ ನಿಲ್ಲಿಸಬೇಕು.

ಇಷ್ಟೆಲ್ಲ ಮಾಡಿದರೂ ಗುಟ್ಟು ರಟ್ಟಾಗುವ ದಾರಿ ಒಂದಿದೆ, ಅದು ಅಡ್ಡಪರಿಣಾಮ. ಹಳೆಯ ಖಿನ್ನತೆಯ ಔಷಧಗಳು ಬಾಯಿ ಒಣಗಿಸುತ್ತಿದ್ದವು. ಬಾಯಿ ಒಣಗಿದವರಿಗೆ ತಮಗೆ ಸಿಕ್ಕದ್ದು ನಿಜವಾದ ಮದ್ದೇ ಎಂದು ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ಕೆಲವು ಪ್ರಯೋಗಗಳಲ್ಲಿ ಪ್ಲಸೀಬೊಗೆ ಬಾಯಿ ಒಣಗಿಸುವ ಅಟ್ರೋಪಿನ್ ಸೇರಿಸಿದರು. ಶಸ್ತ್ರಚಿಕಿತ್ಸೆ, ವ್ಯಾಯಾಮದಂಥ ಕಡೆ ರೋಗಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಹಲವು ಸಲ ಆಗದ ಮಾತು. ಅಂಥ ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು, ಗುಣವನ್ನು ಅಳೆದವರಿಗೆ ಗುಂಪು ಯಾವುದೆಂದು ಗೊತ್ತಿತ್ತೇ ಎಂಬುದನ್ನು. ಅಳೆದದ್ದು ಸಾವನ್ನಾಗಿದ್ದರೆ ಅಷ್ಟು ಚಿಂತೆಯಿಲ್ಲ. ನೋವನ್ನಾಗಿದ್ದರೆ, ಆ ಅಂಕಿಯಲ್ಲಿ ಮದ್ದಿನ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.