ದಿನದ ಸರಾಸರಿ ಗೆರೆ: ತೂಕ ತಪ್ಪಿದರೆ ಅಲರ್ಟೂ ತಪ್ಪು

ಒಂದು ಷೇರು ಇವತ್ತು ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಅದರ ಕೊನೆಯ ಬೆಲೆ. ಅದು ಕೊನೆಯದಾಗಿ ಕೊಂಡವರೊಬ್ಬರಿಗೂ ಮಾರಿದವರೊಬ್ಬರಿಗೂ ನಡುವೆ ಕುದುರಿದ ಬೆಲೆ ಅಷ್ಟೆ. ಬರೀ ಹತ್ತು ಷೇರಿನ ವ್ಯವಹಾರವೂ ಆಗಿರಬಹುದು. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆದಾಗಿನಿಂದ ಕೈ ಬದಲಾದ ಎಲ್ಲ ಷೇರುಗಳಿಗೆ ಸಂದ ಒಟ್ಟು ಹಣವನ್ನು ಆ ಷೇರುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬೇರೊಂದು ಅಂಕಿ ಸಿಗುತ್ತದೆ. ವಹಿವಾಟುದಾರರು ಅದನ್ನು ವಿವ್ಯಾಪ್ ಎನ್ನುತ್ತಾರೆ. ತೆರೆಯ ಮೇಲೆ ಅದು VWAP ಎಂದು ಕಾಣುತ್ತದೆ.

ಇದು ತೂಕ ನೋಡಿ ತೆಗೆದ ಸರಾಸರಿ. ತಿಪಟೂರಿನ ಮಂಡಿಯಲ್ಲಿ ಒಂದು ಕ್ವಿಂಟಲ್ ಕೊಬ್ಬರಿ 15,000 ರೂಪಾಯಿಗೆ, ಒಂಬತ್ತು ಕ್ವಿಂಟಲ್ 14,000 ರೂಪಾಯಿಗೆ ಹೋದವು ಎಂದುಕೊಳ್ಳಿ. ಎರಡು ಬೆಲೆಗಳ ನಡುವಿನ 14,500 ಎಂದರೆ ಯಾವ ರೈತರೂ ಒಪ್ಪುವುದಿಲ್ಲ. ಮಾಲಿನ ನಿಜವಾದ ಸರಾಸರಿ ಕ್ವಿಂಟಲ್‌ಗೆ 14,100.

ಷೇರುಪೇಟೆಯಲ್ಲಿ ಈ ಲೆಕ್ಕಕ್ಕೆ ಮಹತ್ವ ಬಂದದ್ದು ದೊಡ್ಡ ಖರೀದಿದಾರರಿಂದ. 1988ರಲ್ಲಿ ಸ್ಟೀಫನ್ ಬರ್ಕೊವಿಟ್ಜ್, ಡೆನಿಸ್ ಲೋಗ್ ಮತ್ತು ಯುಜೀನ್ ನೋಸರ್ ನ್ಯೂಯಾರ್ಕ್ ಷೇರುಪೇಟೆಯ ವಹಿವಾಟು ವೆಚ್ಚದ ಬಗ್ಗೆ ‘ಜರ್ನಲ್ ಆಫ್ ಫೈನಾನ್ಸ್’ನಲ್ಲಿ ಒಂದು ಪ್ರಬಂಧ ಬರೆದರು. ಬ್ರೋಕರ್ ನಮ್ಮ ಪರವಾಗಿ ಕೊಂಡ ಬೆಲೆ ದಿನದ ತೂಕದ ಸರಾಸರಿಗಿಂತ ಹೆಚ್ಚೋ ಕಡಿಮೆಯೋ ಎಂದು ಅಳೆಯಬೇಕು ಎಂಬುದು ಅವರ ವಾದ. ಗೆರೆಯ ಮೂಲ ಕೆಲಸ ಹೀಗೆ ಹೋಲಿಕೆ, ಭವಿಷ್ಯ ಹೇಳುವುದಲ್ಲ. ಅಲರ್ಟ್ ಕಟ್ಟುವವರು ಇದನ್ನು ಮರೆಯದಿದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಎರಡೇ ಮೊತ್ತ. ಒಂದು ಹಣದ್ದು, ಇನ್ನೊಂದು ಷೇರುಗಳದ್ದು. ಕಾಲ್ಪನಿಕ ಷೇರೊಂದರ ಮೊದಲ ವ್ಯವಹಾರಗಳನ್ನು ನೋಡೋಣ. 500 ರೂಪಾಯಿಗೆ 1,000 ಷೇರು, 502ಕ್ಕೆ 200, 501ಕ್ಕೆ 3,000. ಹಣದ ಮೊತ್ತ 21,03,400; ಷೇರುಗಳು 4,200. ಭಾಗಿಸಿದರೆ 500.81. ಮರುಕ್ಷಣ 499 ರೂಪಾಯಿಗೆ 800 ಷೇರು ಹೋದರೆ ಹಣ 25,02,600 ಆಗುತ್ತದೆ, ಷೇರು 5,000 ಆಗುತ್ತವೆ, ಗೆರೆ 500.52ಕ್ಕೆ ಇಳಿಯುತ್ತದೆ. ಹಳೆಯ ವ್ಯವಹಾರಗಳ ಪಟ್ಟಿಯನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಹೊಸದು ಬಂದಾಗಲೆಲ್ಲ ಎರಡೂ ಮೊತ್ತಕ್ಕೆ ಸೇರಿಸಿ ಒಮ್ಮೆ ಭಾಗಿಸಿದರೆ ಸಾಕು. ಮರುದಿನ ಬೆಳಿಗ್ಗೆ ಎರಡನ್ನೂ ಸೊನ್ನೆಗೆ ತರಬೇಕು.

ಇಷ್ಟು ಸುಲಭವಾದ ಲೆಕ್ಕ ಎಲ್ಲಿ ಕೆಡುತ್ತದೆ? ಬಹುತೇಕ ಯಾವಾಗಲೂ ಒಂದೇ ಜಾಗದಲ್ಲಿ, ನಮಗೆ ಹರಿದು ಬರುವ ಮಾಹಿತಿಯ ಸ್ವರೂಪದಲ್ಲಿ. ಷೇರುಪೇಟೆ ಪ್ರತಿಯೊಂದು ವ್ಯವಹಾರವನ್ನೂ ಬಿಡದೆ ಕಳಿಸುವ ಫೀಡ್ ಇದೆ. ಆದರೆ ಅದು ದೊಡ್ಡ ಸಂಸ್ಥೆಗಳ ಪಾಲಿನದು. ಸಾಮಾನ್ಯ ಹೂಡಿಕೆದಾರರ ಪ್ರೋಗ್ರಾಂಗೆ ಬ್ರೋಕರ್ ಕಳಿಸುವ ‘ಟಿಕ್’ ಆ ಕ್ಷಣದ ಒಂದು ಚಿತ್ರ ಮಾತ್ರ. ಎರಡು ಟಿಕ್‌ಗಳ ನಡುವೆ ಹತ್ತಾರು ವ್ಯವಹಾರ ನಡೆದುಹೋಗಿರಬಹುದು, ನಮಗೆ ಕಾಣುವುದು ಕೊನೆಯದೊಂದೇ. ಬೆಂಗಳೂರಿನ ಜೆರೋಧಾ ಕಂಪನಿಯ ಕೈಟ್ ಕನೆಕ್ಟ್‌ನಲ್ಲಿ ಪ್ರತಿ ಟಿಕ್ ಜೊತೆ `last_price`, `last_traded_quantity`, `volume_traded`, `average_traded_price` ಎಂಬ ಅಂಕಿಗಳು ಬರುತ್ತವೆ. ಮೊದಲೆರಡನ್ನು ಗುಣಿಸಿ ಕೂಡುತ್ತಾ ಹೋದರೆ ಸಾಕು ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಕೆಡುವುದು ಅಲ್ಲೇ.

ನಮ್ಮ ಷೇರಿಗೇ ಮರಳಿ ನೋಡೋಣ. 5,000 ಷೇರು ಆದ ಮೇಲೆ ಮುಂದಿನ ಟಿಕ್ ಬರುವಷ್ಟರಲ್ಲಿ ಮೂರು ವ್ಯವಹಾರ ನಡೆದವು. 499.50ಕ್ಕೆ 2,500, 500ಕ್ಕೆ 1,450, 500.10ಕ್ಕೆ 50. ಟಿಕ್‌ನಲ್ಲಿ ಕಾಣುವುದು ಕೊನೆಯ ಬೆಲೆ 500.10, ಕೊನೆಯ ಪ್ರಮಾಣ 50, ದಿನದ ಒಟ್ಟು ಷೇರು 9,000. ಕೊನೆಯ ವ್ಯವಹಾರವನ್ನಷ್ಟೇ ಕೂಡಿಸಿಕೊಂಡವರ ಗೆರೆ 500.52ರಲ್ಲೇ ಉಳಿಯುತ್ತದೆ, 3,950 ಷೇರುಗಳು ಅವರ ಲೆಕ್ಕಕ್ಕೆ ಬರಲೇ ಇಲ್ಲ. ಸ್ವಲ್ಪ ಎಚ್ಚರದಿಂದ, ಒಟ್ಟು ಷೇರುಗಳ ವ್ಯತ್ಯಾಸವಾದ 4,000ವನ್ನು ಕೊನೆಯ ಬೆಲೆಯಿಂದ ಗುಣಿಸಿದವರಿಗೆ 500.33 ಸಿಗುತ್ತದೆ. ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ. ಸರಿಯಾದ ಉತ್ತರ ಮಾತ್ರ 500.15.

ಆ ಸರಿಯುತ್ತರ ಟಿಕ್‌ನಲ್ಲೇ ಇದೆ. `average_traded_price` ಎಂಬ ಅಂಕಿ, ಒಂದೂ ವ್ಯವಹಾರ ಬಿಡದೆ ಷೇರುಪೇಟೆಯೇ ಹಾಕಿದ ದಿನದ ಸರಾಸರಿ. ಹಾಗಿದ್ದರೆ ನಾವು ಲೆಕ್ಕ ಹಾಕುವುದು ಯಾಕೆ ಎಂದು ಕೇಳಬಹುದು. ಇಡೀ ದಿನದ ಗೆರೆಯಷ್ಟೇ ಸಾಕು ಎನ್ನುವವರು ನಿಜಕ್ಕೂ ಅದನ್ನೇ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಲೆಕ್ಕ ಬೇಕಾಗುವುದು ದಿನದ ಒಂದು ತುಂಡಿನ ಸರಾಸರಿ ಬೇಕಾದಾಗ. ಆಗಲೂ ಈ ಅಂಕಿಯೇ ಕೈಹಿಡಿಯುತ್ತದೆ. ಸರಾಸರಿಯನ್ನು ಒಟ್ಟು ಷೇರುಗಳಿಂದ ಗುಣಿಸಿದರೆ ಆ ಕ್ಷಣದವರೆಗಿನ ಹಣದ ಮೊತ್ತ ಸಿಗುತ್ತದೆ. ಎರಡು ಕ್ಷಣಗಳ ಹಣದ ವ್ಯತ್ಯಾಸವನ್ನು ಷೇರುಗಳ ವ್ಯತ್ಯಾಸದಿಂದ ಭಾಗಿಸಿದರೆ ನಡುವಿನ ಅವಧಿಯ ಸರಾಸರಿ ಸಿಗುತ್ತದೆ.

```python
def window_vwap(a, b):
    v = b["volume_traded"] - a["volume_traded"]
    if v <= 0:
        return None
    m = (b["average_traded_price"] * b["volume_traded"]
         - a["average_traded_price"] * a["volume_traded"])
    return m / v
```

ಈ ದಾರಿಯಲ್ಲಿ ಇನ್ನೊಂದು ಅನುಕೂಲ ಇದೆ. ಹನ್ನೊಂದು ಗಂಟೆಗೆ ಪ್ರೋಗ್ರಾಂ ಶುರು ಮಾಡಿದರೂ, ನಡುವೆ ಇಂಟರ್ನೆಟ್ ಕಡಿದು ಮತ್ತೆ ಬಂದರೂ, ಮೊದಲ ಟಿಕ್‌ನಲ್ಲೇ ಲೆಕ್ಕ ಸರಿಹೋಗುತ್ತದೆ. ಒಂದೊಂದೇ ವ್ಯವಹಾರ ಕೂಡುತ್ತಾ ಬಂದವರಿಗೆ ಆ ತಪ್ಪು ಸಂಜೆಯವರೆಗೂ ಅಂಟಿಕೊಂಡೇ ಇರುತ್ತದೆ. ಒಟ್ಟು ಷೇರುಗಳ ಸಂಖ್ಯೆ ಹಿಂದಿನ ಟಿಕ್‌ಗಿಂತ ಕಡಿಮೆ ಕಂಡರೆ ಅದು ತಡವಾಗಿ ಬಂದ ಹಳೆಯ ಟಿಕ್, ಅದನ್ನು ಕೈಬಿಡಬೇಕು. ಒಂದು ಮಿತಿಯೂ ಇದೆ. ಸರಾಸರಿ ಪೈಸೆಗೆ ದುಂಡಾಗಿ ಬರುತ್ತದೆ. ಒಂದು ಕೋಟಿ ಷೇರು ಕೈ ಬದಲಾದ ದಿನ ಅರ್ಧ ಪೈಸೆಯ ವ್ಯತ್ಯಾಸ ಎಂದರೆ 50,000 ರೂಪಾಯಿ. ಹಾಗಾಗಿ ಮಧ್ಯಾಹ್ನ ಕೆಲವು ಸೆಕೆಂಡುಗಳ ತುಂಡಿನ ಸರಾಸರಿ ತೆಗೆದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷದ ತುಂಡಾದರೆ, ಷೇರಿನಲ್ಲಿ ಚೆನ್ನಾಗಿ ವಹಿವಾಟು ನಡೆದಿದ್ದರೆ, ನಂಬಬಹುದು. ಷೇರುಪೇಟೆಯೂ ಇಂಥ ತುಂಡುಗಳನ್ನು ಬಳಸುತ್ತದೆ. ಮಧ್ಯಾಹ್ನದ ಬ್ಲಾಕ್ ಡೀಲ್ ವಹಿವಾಟಿಗೆ ಆಧಾರ ಬೆಲೆ 1.45ರಿಂದ 2 ಗಂಟೆವರೆಗಿನ ತೂಕದ ಸರಾಸರಿ. ಎನ್‌ಎಸ್‌ಇ ಬಹುಕಾಲ ದಿನದ ಮುಕ್ತಾಯ ಬೆಲೆಯನ್ನೂ ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿಯಿಂದಲೇ ನಿರ್ಧರಿಸಿದೆ.

ಚಾರ್ಟ್‌ನಲ್ಲಿ ಕಾಣುವ ಗೆರೆಗೂ ಟಿಕ್‌ನ ಸರಾಸರಿಗೂ ಕೆಲವು ಪೈಸೆ ವ್ಯತ್ಯಾಸ ಬಂದರೆ ಗಾಬರಿ ಬೇಡ. ಚಾರ್ಟ್‌ಗಳು ಸಾಮಾನ್ಯವಾಗಿ ಪ್ರತಿ ಕ್ಯಾಂಡಲ್‌ನ ಗರಿಷ್ಠ, ಕನಿಷ್ಠ, ಮುಕ್ತಾಯ ಬೆಲೆಗಳ ಸರಾಸರಿಯನ್ನು ಆ ಕ್ಯಾಂಡಲ್‌ನ ಪ್ರಮಾಣದಿಂದ ಗುಣಿಸುತ್ತವೆ. ಅದು ಅಂದಾಜು. ಒಂದೇ ಷೇರಿಗೆ ಎನ್‌ಎಸ್‌ಇ ಮತ್ತು ಬಿಎಸ್‌ಇಯಲ್ಲಿ ಬೇರೆ ಬೇರೆ ಗೆರೆ ಇರುತ್ತದೆ, ಬೆರೆಸಬಾರದು.

ಈಗ ಅಲರ್ಟ್. ‘ಬೆಲೆ ಗೆರೆ ದಾಟಿದರೆ ತಿಳಿಸು’ ಎಂದು ಬರೆದಿಟ್ಟರೆ ಏನಾಗುತ್ತದೆ ಎಂಬುದು ನಮ್ಮ ಉದಾಹರಣೆಯಲ್ಲೇ ಇದೆ. ಗೆರೆ 500.15, ಬೆಲೆ 500.10. ಮುಂದಿನ ಟಿಕ್ 500.20, ಅದರ ಮುಂದಿನದು 500.10. ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವಿನ ಮಾಮೂಲಿ ಓಡಾಟವೇ ಗೆರೆಯನ್ನು ನಿಮಿಷಕ್ಕೆ ಹತ್ತು ಸಲ ದಾಟಿಸುತ್ತದೆ. ಫೋನ್ ಸದ್ದು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಅದನ್ನು ನೋಡುವವರೂ ಇರುವುದಿಲ್ಲ. ಆದ್ದರಿಂದ ಗೆರೆಯ ಎರಡೂ ಬದಿಗೆ ಒಂದು ಪಟ್ಟಿ ಬಿಡಬೇಕು, ಬೆಲೆ ಯಾವ ಬದಿಯಲ್ಲಿತ್ತು ಎಂಬುದನ್ನು ನೆನಪಿಡಬೇಕು.

```python
def side_of(price, vwap, side, band=0.003):
    if price > vwap * (1 + band):
        return "above"
    if price < vwap * (1 - band):
        return "below"
    return side
```

ಬದಿ ಬದಲಾದಾಗ ಮಾತ್ರ ಸದ್ದು. ಇಲ್ಲಿ ಪಟ್ಟಿ ಶೇ 0.3, ಅಂದರೆ ಸುಮಾರು ಒಂದೂವರೆ ರೂಪಾಯಿ. ಬೆಲೆ 501.65 ಮೀರಿದರೆ ಒಂದು ಅಲರ್ಟ್. ಗೆರೆ ಅಲ್ಲೇ ಇದ್ದರೆ, ಅದರ ಮುಂದಿನ ಅಲರ್ಟ್ ಬರಲು ಬೆಲೆ 498.65ಕ್ಕಿಂತ ಕೆಳಗಿಳಿಯಬೇಕು. ನಡುವಿನ ತೊಯ್ದಾಟಕ್ಕೆ ಮೌನ. ಇದಕ್ಕೆ ತೆರುವ ಬೆಲೆಯೆಂದರೆ ಸುದ್ದಿ ಸ್ವಲ್ಪ ತಡವಾಗಿ ತಲುಪುವುದು.

ಬೆಳಗಿನ ಗೆರೆಯೂ ಮಧ್ಯಾಹ್ನದ ಗೆರೆಯೂ ಒಂದೇ ಜಾತಿಯವಲ್ಲ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ಸರಿಪಡಿಸಲಾರದು. 9.20ಕ್ಕೆ ಒಟ್ಟು 50,000 ಷೇರು ಆಗಿದ್ದಾಗ ಗೆರೆಗಿಂತ ಐದು ರೂಪಾಯಿ ಮೇಲೆ 10,000 ಷೇರು ಹೋದರೆ ಗೆರೆ 83 ಪೈಸೆ ಮೇಲೇಳುತ್ತದೆ. ಎರಡೂವರೆಗೆ ಒಟ್ಟು 20 ಲಕ್ಷ ಷೇರು ಆಗಿದ್ದಾಗ ಅದೇ ವ್ಯವಹಾರ ಗೆರೆಯನ್ನು ಎರಡೂವರೆ ಪೈಸೆಯಷ್ಟೇ ಅಲುಗಿಸುತ್ತದೆ. ಬೆಳಿಗ್ಗೆ ಗೆರೆ ಬೆಲೆಯ ಹಿಂದೆಯೇ ಓಡುವುದರಿಂದ ದಾಟುವಿಕೆಗೆ ಬೆಲೆಯಿಲ್ಲ; ಮೊದಲ ಹದಿನೈದು ನಿಮಿಷ ಅಲರ್ಟ್ ಮುಚ್ಚಿಡುವುದು ಮೇಲು. ಮಧ್ಯಾಹ್ನ ಹನ್ನೆರಡಕ್ಕೆ ಕಂಪನಿಯ ಫಲಿತಾಂಶ ಬಂದು ಬೆಲೆ ಶೇ 4 ಜಿಗಿದರೆ ತೊಂದರೆ ತಿರುಗುಮುರುಗು. ಗೆರೆ ಕೆಳಗೇ ಉಳಿಯುತ್ತದೆ, ಅಲರ್ಟ್ ಸಂಜೆಯವರೆಗೂ ತುಟಿ ಬಿಚ್ಚದಿರಬಹುದು. ಆಗ ಹನ್ನೆರಡು ಗಂಟೆಯ ಟಿಕ್ಕನ್ನು `a` ಎಂದಿಟ್ಟುಕೊಂಡು ಮೇಲಿನ `window_vwap` ಲೆಕ್ಕದಿಂದ ಸುದ್ದಿಯ ನಂತರದ ಗೆರೆಯನ್ನು ಹೊಸದಾಗಿ ಎಳೆಯಬೇಕು.

ಬೆಲೆ ಗೆರೆಯ ಮೇಲಿದೆ ಎಂದರೆ ಇವತ್ತು ಕೊಂಡವರು ಸರಾಸರಿಯಲ್ಲಿ ಲಾಭದಲ್ಲಿದ್ದಾರೆ, ಮಾರಿದವರು ಸರಾಸರಿಯಲ್ಲಿ ಈಗಿನದಕ್ಕಿಂತ ಕಡಿಮೆಗೆ ಮಾರಿದ್ದಾರೆ ಎಂದು ಅರ್ಥ. ಮುಂದೆ ಏರುತ್ತದೆ ಎಂಬುದು ಅದರಲ್ಲಿಲ್ಲ. ಗೆರೆ ದಾಟಿದ ಕೂಡಲೇ ಕೊಳ್ಳಿ, ಮಾರಿ ಎಂದು ಕಲಿಸುವವರ ಮಾತು ಕೇಳುವ ಮೊದಲು ಸೆಬಿಯ 2024ರ ಅಧ್ಯಯನ ನೆನಪಿರಲಿ: 2022–23ರಲ್ಲಿ ನಗದು ವಿಭಾಗದಲ್ಲಿ ದಿನವಹಿ ವಹಿವಾಟು ನಡೆಸಿದ ಹತ್ತು ವ್ಯಕ್ತಿಗಳಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು. ಹೇಗೂ ಇವತ್ತು 2,000 ಷೇರು ಕೊಳ್ಳಲೇಬೇಕು ಎಂದು ತೀರ್ಮಾನಿಸಿದವರಿಗೆ ಈ ಅಲರ್ಟ್ ಪ್ರಾಮಾಣಿಕವಾಗಿ ದುಡಿಯುತ್ತದೆ. ಅವರು ಕಂತುಗಳಲ್ಲಿ ಕೊಳ್ಳುತ್ತಾ ಬೆಲೆ ಗೆರೆಗಿಂತ ಕೆಳಗಿಳಿದಾಗ ಸೂಚನೆ ಪಡೆಯಬಹುದು, ಸಂಜೆ ತಮ್ಮ ಸರಾಸರಿಯನ್ನು ದಿನದ ಸರಾಸರಿಯ ಪಕ್ಕ ಇಟ್ಟು ನೋಡಬಹುದು.

ಪಟ್ಟಿ ಎಷ್ಟಿರಬೇಕು ಎಂಬುದು ಷೇರಿನಿಂದ ಷೇರಿಗೆ ಬೇರೆ. ಕೆಲವು ದಿನದ ಟಿಕ್‌ಗಳನ್ನು ಬಂದ ಕ್ರಮದಲ್ಲೇ ಫೈಲಿಗೆ ಉಳಿಸಿ, ಸಂಜೆ ಅದನ್ನೇ ಪ್ರೋಗ್ರಾಂಗೆ ಮತ್ತೆ ಓದಿಸಿ, ಶೇ 0.1, 0.3, 0.5ರ ಪಟ್ಟಿಗಳಲ್ಲಿ ದಿನಕ್ಕೆ ಎಷ್ಟು ಅಲರ್ಟ್ ಬರುತ್ತವೆ ಎಂದು ಎಣಿಸಿ. ದಿನಕ್ಕೆ ಎರಡು ಮೂರಕ್ಕೆ ನಿಲ್ಲುವ ಪಟ್ಟಿಯನ್ನು ಆ ಷೇರಿಗೆ ಇಟ್ಟುಕೊಳ್ಳಿ. ಫಲಿತಾಂಶ ಬಂದ ದಿನಗಳನ್ನು ಈ ಎಣಿಕೆಯಿಂದ ಹೊರಗಿಡಿ.