ಮೇಲೆ ನೋಡಲೊಲ್ಲದ ಮಗು

ಕೃಷ್ಣರಾಜಪೇಟೆಯ 3 ವರ್ಷದ ಮಗುವೊಂದಕ್ಕೆ ನೆಗಡಿಯ ಬೆನ್ನಿಗೇ ಜ್ವರ ಬಂದಿತೆನ್ನಿ. ಅದು ಉಗುಳನ್ನೂ ನುಂಗದು. ಕತ್ತೆತ್ತಿ ಮೇಲೆ ನೋಡಲೊಲ್ಲದು. ಮಿದುಳುಪೊರೆಯ ಉರಿಯೂತದಲ್ಲಾದರೆ ಸಾಮಾನ್ಯವಾಗಿ ತಲೆಯನ್ನು ಮುಂದಕ್ಕೆ ಬಾಗಿಸುವುದು ಕಷ್ಟ. ಇಲ್ಲಿ ಹಿಂದಕ್ಕೆತ್ತುವುದೇ ಹೆಚ್ಚು ಕಷ್ಟ.

ಗಂಟಲಿಗೂ ಬೆನ್ನೆಲುಬಿಗೂ ನಡುವೆ ಎಳೆಯರಲ್ಲಿ ದುಗ್ಧಗ್ರಂಥಿಗಳುಂಟು. 5 ವರ್ಷದ ಸುಮಾರಿಗೆ ಅವು ಕುಗ್ಗುತ್ತವೆ. ಸೋಂಕಿನಿಂದ ಅಲ್ಲಿ ಕೀವು ತುಂಬಿದರೆ ಉಸಿರುದಾರಿ ಒತ್ತಿಹೋಗಬಹುದು, ಕೀವು ಎದೆಗೂ ಇಳಿಯಬಹುದು.

ಪಕ್ಕದಿಂದ ತೆಗೆದ ಎಕ್ಸ್‌ರೇ ಊತವನ್ನು ತೋರಿಸುತ್ತದೆ. ಆದರೆ ಅಳುವ ಮಗುವಿನಲ್ಲಿ ಇಲ್ಲದ ಊತವೂ ಕಂಡೀತು. ರಕ್ತನಾಳಕ್ಕೆ ದ್ರಾವಣವೊಂದನ್ನು ಚುಚ್ಚಿ ತೆಗೆದ ಸಿ.ಟಿ. ಸ್ಕ್ಯಾನಿನಲ್ಲಿ ಕೀವಿನ ಸುತ್ತ ಬೆಳಗುವ ಅಂಚು ಕಾಣುವುದುಂಟು. ಔಷಧ ಸಾಕೇ, ಕೀವು ತೆಗೆಯಬೇಕೇ ಎಂಬ ನಿರ್ಣಯಕ್ಕೆ ಅದು ಮುಖ್ಯ ಆಧಾರ. ಆದುದರಿಂದ ಮಗುವನ್ನು ಮಂಡ್ಯಕ್ಕೋ ಮೈಸೂರಿಗೋ ಅಂದೇ ಒಯ್ಯಬೇಕು. ಉಸಿರು ಗೊರಗುಟ್ಟುತ್ತಿದ್ದರೆ ಮಾತ್ರ ಅಂಗಾತ ಮಲಗಿಸಲಾಗದು. ಸ್ಕ್ಯಾನಿಗೂ ಮೊದಲು ಉಸಿರುದಾರಿಯನ್ನು ಭದ್ರಪಡಿಸಬೇಕು.